ಐದು ಜನ ಓದಿದರು, ಅರವತ್ತೊಂದು ಮಾತು ಬಂತು

ಬರೆದದ್ದನ್ನು ಅಚ್ಚಿಗೆ ಕೊಡೋ ಮುಂಚೆ ನಾಲ್ಕು ಜನಕ್ಕೆ ಓದೋಕೆ ಕೊಡಬೇಕು ಅಂತ ಎಲ್ಲರೂ ಹೇಳ್ತಾರೆ. ಇಂಥವರಿಗೆ ಬೀಟಾ ರೀಡರ್ ಅಂತಲೂ ಹೆಸರಿದೆ. ನಾನು ಸುಮ್ಮನೆ ಮೊದಲ ಓದುಗರು ಅಂತೀನಿ. ಓದೋಕೆ ಕೊಡೋದು ಸುಲಭ ಸ್ವಾಮಿ. ಅವರು ಓದಿ ವಾಪಸ್ ಕೊಟ್ಟ ಮೇಲೆ ಏನು ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಅದಕ್ಕೇ ಇದನ್ನ ಬರೀತಿದೀನಿ.

ನಾನು ಬರೆದದ್ದು ಒಂದು ಪುಟ್ಟ ಕಾದಂಬರಿ, 96 ಪುಟ. ಹಿರಿಯೂರು ಕಡೆಯ ಒಂದು ತೆಂಗಿನ ತೋಟದ ಕತೆ. ರಂಗಪ್ಪ, ತಿಪ್ಪೇಶ ಅಂತ ಅಣ್ಣ ತಮ್ಮ. ವಾಣಿವಿಲಾಸ ಸಾಗರದಲ್ಲಿ ನೀರು ತಳ ಕಂಡ ವರ್ಷಗಳಲ್ಲಿ ತೋಟ ಒಣಗುತ್ತೆ, ಬೋರ್ ಕೊರೆಸ್ತಾರೆ, ಸಾಲ ಆಗುತ್ತೆ, ಮನೆ ಎರಡಾಗುತ್ತೆ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಡ್ಯಾಮ್ ಕೋಡಿ ಬೀಳುತ್ತೆ. ಅಷ್ಟರಲ್ಲಿ ತೋಟದ ಮರಗಳನ್ನ ಕಡಿದು ಮಾರಿ ಆಗಿರುತ್ತೆ. ಇಷ್ಟೇ ಕತೆ.

ದುರ್ಗದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಐದು ಪ್ರತಿ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಐದು ಜನಕ್ಕೆ ಕೊಟ್ಟೆ. ಕಾಲೇಜಲ್ಲಿ ಕನ್ನಡ ಪಾಠ ಮಾಡೋ ಗೆಳೆಯ ಒಬ್ಬ. ಬೆಂಗಳೂರಲ್ಲಿರೋ ನನ್ನ ತಂಗಿ, ಅವಳು ಸಿಕ್ಕಾಪಟ್ಟೆ ಕಾದಂಬರಿ ಓದ್ತಾಳೆ. ಹಿರಿಯೂರು ಹತ್ತಿರ ತೆಂಗಿನ ತೋಟ ಇಟ್ಟಿರೋ ನಮ್ಮ ಮಾವ. ಎಪ್ಪತ್ತು ದಾಟಿದ ಒಬ್ಬ ರಿಟೈರ್ಡ್ ಮೇಷ್ಟ್ರು. ಇನ್ನೊಬ್ಬ ಆಫೀಸಿನ ಸಹೋದ್ಯೋಗಿ, ಪೇಪರ್ ಬಿಟ್ಟರೆ ಏನೂ ಓದಲ್ಲ. ಈ ಕೊನೆಯವನನ್ನ ಬೇಕಂತಲೇ ಸೇರಿಸಿಕೊಂಡಿದ್ದು. ಯಾಕಂದ್ರೆ ಅವನು ಸಾಹಿತ್ಯ ಅಂತ ಓದಲ್ಲ, ಬೇಜಾರಾದ್ರೆ ಮಡಚಿ ಇಡ್ತಾನೆ.

ಕೊಡುವಾಗ ಎಲ್ಲರಿಗೂ ಒಂದೇ ಮಾತು ಹೇಳಿದ್ದೆ. "ತಿದ್ದಬೇಡಿ. ಬೇಜಾರಾದ ಕಡೆ ಅಂಚಲ್ಲಿ 'ಬೇ' ಅಂತ ಬರೀರಿ, ತಿಳೀದಿದ್ದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಪ್ರತಿ ಸಲ ಓದೋದು ನಿಲ್ಲಿಸಿದಾಗ ಆ ಸಾಲಿನ ಕೆಳಗೆ ಒಂದು ಗೆರೆ ಎಳೀರಿ." ಈ ಮೂರನೆಯದೇ ನೋಡಿ ತುಂಬಾ ಉಪಯೋಗಕ್ಕೆ ಬಂದಿದ್ದು. ಜನ ಬಾಯಲ್ಲಿ "ಚೆನ್ನಾಗಿದೆ" ಅಂತಾರೆ. ಆದರೆ ಎಲ್ಲಿ ಪುಸ್ತಕ ಕೆಳಗಿಟ್ಟು ಟೀ ಕುಡಿಯೋಕೆ ಎದ್ದರು ಅನ್ನೋದು ಸುಳ್ಳು ಹೇಳಲ್ಲ.

ಒಂದೂವರೆ ತಿಂಗಳಲ್ಲಿ ಐದೂ ಪ್ರತಿ ವಾಪಸ್ ಬಂತು. ಒಂದು ನೋಟ್‌ಬುಕ್ಕಲ್ಲಿ ಮೂರು ಕಾಲಂ ಹಾಕಿದೆ. ಯಾವ ಪುಟ, ಓದುವಾಗ ಅವರಿಗೆ ಏನನ್ನಿಸಿತು, ಏನು ಮಾಡು ಅಂತ ಹೇಳಿದರು. ಎಣಿಸಿದ್ರೆ ಒಟ್ಟು 61 ಟಿಪ್ಪಣಿ! ಎರಡನೇ ಕಾಲಂ ಮತ್ತು ಮೂರನೇ ಕಾಲಂ ಬೇರೆ ಬೇರೆ ಇಡೋದು ಯಾಕೆ ಮುಖ್ಯ ಅಂತ ನಾಲ್ಕನೇ ಅಧ್ಯಾಯದ ವಿಷಯ ಹೇಳಿದ್ರೆ ಗೊತ್ತಾಗುತ್ತೆ.

ನಾಲ್ಕನೇ ಅಧ್ಯಾಯದಲ್ಲಿ ಹನ್ನೊಂದು ಪುಟ ಪೂರ್ತಿ ಬೋರ್ ಕೊರೆಯೋ ರಾತ್ರಿ. ಲಾರಿ ಬರೋದು, ಪಾಯಿಂಟ್ ನೋಡಿದವನು ತೆಂಗಿನಕಾಯಿ ಹಿಡ್ಕೊಂಡು ಓಡಾಡೋದು, ಮುನ್ನೂರು ಅಡಿ, ಐನೂರು ಅಡಿ, ಬರೀ ಧೂಳು. ಐದರಲ್ಲಿ ಮೂರು ಪ್ರತಿಯಲ್ಲಿ ಅಲ್ಲಿ 'ಬೇ' ಇತ್ತು, ಇಬ್ಬರು ಅಲ್ಲೇ ಗೆರೆ ಎಳೆದು ಎದ್ದಿದ್ದರು. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಗೆಳೆಯ "ವಿವರ ಜಾಸ್ತಿ, ಅರ್ಧಕ್ಕರ್ಧ ಕತ್ತರಿಸು" ಅಂದ. ತಂಗಿ "ಸಂಭಾಷಣೆ ಹಾಕು" ಅಂದಳು. ಸಹೋದ್ಯೋಗಿ "ಜನ ಜಾಸ್ತಿ ಆದ್ರು, ಯಾರು ಯಾರು ಅಂತಲೇ ಗೊತ್ತಾಗ್ಲಿಲ್ಲ" ಅಂದ.

ಮೂವರ ಮಾತನ್ನೂ ಕೇಳಿದ್ರೆ ಆ ಅಧ್ಯಾಯ ಉಳಿಯೋದೇ ಇಲ್ಲ. ಯಾರ ಮಾತನ್ನೂ ಕೇಳದೇ ಇದ್ರೆ ಮೂವರಿಗೆ ಒಂದೇ ಜಾಗದಲ್ಲಿ ಬೇಜಾರಾಗಿದ್ದು ಸುಳ್ಳಾಗಲ್ಲ. ಮೈಗೆ ಹುಷಾರಿಲ್ಲ ಅನ್ನೋದು ರೋಗಿಗೆ ಗೊತ್ತು, ಯಾವ ಮಾತ್ರೆ ಅನ್ನೋದು ಅವನಿಗೆ ಗೊತ್ತಿರಬೇಕು ಅಂತೇನಿಲ್ಲ. ಹಾಗಾಗಿ ಮೂರನೇ ಕಾಲಂ ಪಕ್ಕಕ್ಕಿಟ್ಟು, ಬರೀ ಎರಡನೇ ಕಾಲಂ ಹಿಡ್ಕೊಂಡು ಹಿಂದಕ್ಕೆ ಓದುತ್ತಾ ಹೋದೆ. ಮೂರನೇ ಅಧ್ಯಾಯದ ಕೊನೆಯಲ್ಲಿ ಒಂದು ಸಾಲಿತ್ತು. ಆ ಬೋರಿನ ಸಾಲ ತೀರಿಸೋದರಲ್ಲೇ ಅಣ್ಣ ತಮ್ಮಂದಿರಿಗೆ ಮುಂದಿನ ಮೂರು ವರ್ಷ ಕಳೆಯಿತು ಅಂತ. ಅಲ್ಲಿಗೆ ಮುಗೀತಲ್ಲ! ನೀರು ಬೀಳಲ್ಲ ಅಂತ ಓದುಗರಿಗೆ ಮೊದಲೇ ಗೊತ್ತಾಗಿಬಿಟ್ಟಿದೆ. ಆಮೇಲೆ ಹನ್ನೊಂದು ಪುಟ ಧೂಳು ನೋಡ್ತಾ ಯಾರು ಕೂರ್ತಾರೆ?

ಆ ಒಂದು ಸಾಲು ತೆಗೆದು ಐದನೇ ಅಧ್ಯಾಯಕ್ಕೆ ಹಾಕಿದೆ. ನಾಲ್ಕನೇ ಅಧ್ಯಾಯದಲ್ಲಿ ಒಂದು ಪದವನ್ನೂ ಮುಟ್ಟಲಿಲ್ಲ. ಸರಿಹೋಯ್ತಾ ಇಲ್ವಾ ಅಂತ ನೋಡೋಕೆ ಅದೇ ಮೂವರಿಗೆ ವಾಪಸ್ ಕೊಡೋ ಹಾಗಿಲ್ಲ, ಯಾಕಂದ್ರೆ ಮೊದಲ ಸಲ ಅಂತ ಓದೋದು ಯಾರಿಗಾದರೂ ಒಂದೇ ಸಲ. ಆರನೆಯ ಒಬ್ಬರಿಗೆ ಕೊಟ್ಟೆ, ಏನೂ ಹೇಳದೆ. ಆ ಹನ್ನೊಂದು ಪುಟದಲ್ಲಿ ಒಂದೂ 'ಬೇ' ಇರಲಿಲ್ಲ, ಒಂದೂ ಗೆರೆ ಇರಲಿಲ್ಲ.

ಇನ್ನು ಮಾಹಿತಿಯ ಬಗ್ಗೆ ಬಂದ ಮಾತುಗಳು. ಇವನ್ನ ಅಭಿಪ್ರಾಯದ ಜೊತೆ ಸೇರಿಸಬಾರದು. ಇಷ್ಟ ಆಯ್ತು ಆಗ್ಲಿಲ್ಲ ಅನ್ನೋದನ್ನ ಪರೀಕ್ಷೆ ಮಾಡೋಕಾಗಲ್ಲ, ಮಾಹಿತಿಯನ್ನ ಮಾಡಬಹುದು. ಮಾಡಲೇಬೇಕು, ಹೇಳಿದವರು ಯಾರೇ ಆಗಿರಲಿ.

ಮಾವ ಹೇಳಿದ್ದು ತೆಂಗಿನ ಮರದ ಬಗ್ಗೆ. "ಮರ ಒಂದೇ ಸಲಕ್ಕೆ ಸಾಯಲ್ಲ ಕಣಪ್ಪ. ಮೊದಲು ಕೆಳಗಿನ ಗರಿ ಜೋತು ಬೀಳ್ತವೆ. ಆಮೇಲೆ ಎಳೇ ಕಾಯಿ ಉದುರ್ತವೆ. ಸುಳಿ ಹೋಗೋದು ಕೊನೆಗೆ." ಇನ್ನಿಬ್ಬರು ತೋಟದವರನ್ನ ಕೇಳಿದೆ, ಅವರೂ ಅದನ್ನೇ ಅಂದರು. ಆ ಕ್ರಮ ಹಾಗೇ ಕತೆಗೆ ಬಂತು, ಅಧ್ಯಾಯಕ್ಕೊಂದರಂತೆ. ಗರಿ ಜೋತಾಗ ಮನೆಯಲ್ಲಿ ಮೊದಲ ಜಗಳ, ಸುಳಿ ಹೋದಾಗ ಪಾಲು.

ಮೇಷ್ಟ್ರು ಹೇಳಿದ್ದು ಕೋಡಿ ಬಗ್ಗೆ. ನನ್ನ ಕತೆಯಲ್ಲಿ 2022ರಲ್ಲಿ ಕೋಡಿ ಬಿದ್ದದ್ದನ್ನ ಈಗ ಬದುಕಿರೋರಲ್ಲಿ ಹೆಚ್ಚಿನವರು ಮೊದಲ ಸಲ ನೋಡಿದ್ದು ಅಂತಿದೆ. "ತಪ್ಪು, ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಹೋಗಿ ಕಣ್ಣಾರೆ ನೋಡಿದೀನಿ" ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಹಿರಿಯರು, ಕಣ್ಣಾರೆ ಕಂಡವರು ಬೇರೆ. ಆದರೂ ಹಳೇ ಪತ್ರಿಕೆಗಳನ್ನ ತೆಗೆದು ನೋಡಿದೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಡ್ಯಾಮಿನ ಪೂರ್ಣ ಮಟ್ಟ 130 ಅಡಿ. ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರಲ್ಲೇ. ಮಧ್ಯ 89 ವರ್ಷ ಬಿದ್ದಿಲ್ಲ. ಮೇಷ್ಟ್ರು ನೋಡಿದ್ದು ಬಹುಶಃ ಬೇರೆ ಯಾವುದೋ ಕೆರೆಯ ಕೋಡಿ ಇರಬೇಕು. ಮಳೆ ಚೆನ್ನಾದ ವರ್ಷ ನಮ್ಮ ಕಡೆ ಕೆರೆಗಳ ಕೋಡಿ ನೋಡೋಕೆ ಊರಿಗೆ ಊರೇ ಹೋಗುತ್ತಲ್ಲ.

ಹಾಗಾಗಿ ಕತೆಯ ವಾಕ್ಯ ಬದಲಾಗಲಿಲ್ಲ. ಆದರೆ ಆ ಟಿಪ್ಪಣಿ ದಂಡವಾಗಲಿಲ್ಲ. ಹೋಟೆಲ್ ಕಟ್ಟೆ ಮೇಲೆ ಕೂತ ಒಬ್ಬ ಅಜ್ಜ "ನಾನು ನೋಡಿದೀನಿ ಕಣ್ರೋ" ಅಂತ ವಾದ ಮಾಡೋದು, ಹುಡುಗರು ನಗೋದು, ಹೀಗೆ ಅರ್ಧ ಪುಟ ಸೇರಿತು. ಹಾಗೇ ಎತ್ತಿ ಹಾಕಿಲ್ಲ, ಮೇಷ್ಟ್ರನ್ನ ಕೇಳಿಯೇ ಹಾಕಿದ್ದು. ಅವರು ಈಗಲೂ ನೋಡಿದ್ದೀನಿ ಅಂತಲೇ ಹೇಳ್ತಾರೆ!

ಅಂತ್ಯದ ವಿಷಯಕ್ಕೆ ಬಂದ್ರೆ ಐದು ಜನ ಎರಡು ಪಾರ್ಟಿ ಆಗಿದ್ದರು. ಇಬ್ಬರಿಗೆ ಕೋಡಿ ಬಿದ್ದಲ್ಲಿಗೆ ಕತೆ ನಿಂತದ್ದು ಸರಿ ಅನ್ನಿಸಿತ್ತು. ಮೂವರಿಗೆ ಅಣ್ಣ ತಮ್ಮ ಒಂದಾದರೋ ಇಲ್ಲವೋ ಹೇಳಬೇಕಿತ್ತು. ಓಟು ಎಣಿಸಿದ್ರೆ ಮೂವರು ಗೆದ್ದರು. ಆದರೆ ಇದು ಪಂಚಾಯ್ತಿ ಎಲೆಕ್ಷನ್ ಅಲ್ಲ. ನಾನು ಪ್ರತಿಯೊಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಈ ಕತೆ ಯಾವುದರ ಬಗ್ಗೆ ಅಂತ ಒಂದು ವಾಕ್ಯದಲ್ಲಿ ಹೇಳಿ." ಇಬ್ಬರು "ನೀರಿನ ಬಗ್ಗೆ" ಅಂದರು. ಮೂವರು "ಮನೆ ಒಡೆದದ್ದರ ಬಗ್ಗೆ" ಅಂದರು. ಇಲ್ಲಿ ಗೊತ್ತಾಯ್ತು ನೋಡಿ, ಜಗಳ ಅಂತ್ಯದ ಮೇಲಲ್ಲ. ಮೊದಲ ಅಧ್ಯಾಯ ಕೆಲವರಿಗೆ ಒಂದು ಮಾತು ಕೊಟ್ಟಿದೆ, ಕೆಲವರಿಗೆ ಇನ್ನೊಂದು. ಶುರುವಿನಲ್ಲಿ ಅಣ್ಣ ತಮ್ಮ ಹುಡುಗರಾಗಿದ್ದಾಗಿನ ಏಳು ಪುಟ ಇತ್ತು, ಅದನ್ನ ಎರಡಕ್ಕೆ ಇಳಿಸಿದೆ. ಕಾಲುವೆ, ತೂಬು, ನೀರಿನ ಸರದಿ ಮೊದಲಿಗೆ ಬಂತು. ಅಂತ್ಯ ಇದ್ದ ಹಾಗೇ ಇದೆ. ನನಗೆ ಹೇಳಬೇಕಿದ್ದದ್ದು ಆ ನೀರು ತಡವಾಗಿ ಬಂತು ಅನ್ನೋದು. ಅಣ್ಣ ತಮ್ಮಂದಿರನ್ನ ಅಲ್ಲಿ ಅಪ್ಪಿಕೊಳ್ಳೋ ಹಾಗೆ ಮಾಡಿದ್ರೆ ಅದು ತಡವಾಗಲಿಲ್ಲ ಅಂದ ಹಾಗಾಗುತ್ತೆ.

ಹೀಗಂತ ಇಡೀ ಬರವಣಿಗೆಯನ್ನೇ ಅಲ್ಲಾಡಿಸೋ ಮಾತನ್ನ ತಳ್ಳಿಹಾಕಬೇಕು ಅಂತಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಕುವೆಂಪು ತಮ್ಮ ಇಂಗ್ಲಿಷ್ ಪದ್ಯಗಳನ್ನ ತೋರಿಸಿದ್ದು, ಅವರು ನಿಮ್ಮ ಭಾಷೆಯಲ್ಲಿ ಬರೀರಿ ಅಂದಿದ್ದು ನಿಮಗೆಲ್ಲ ಗೊತ್ತು. ಆ ಮಾತು ಯುವಕ ಕುವೆಂಪುಗೆ ಆಗ ಹಿಡಿಸಲಿಲ್ಲ, ಆದರೂ ಕನ್ನಡಕ್ಕೆ ಬಂದರು. ಕಸಿನ್ಸ್‌ಗೆ ಕನ್ನಡ ಬರ್ತಿರಲಿಲ್ಲ. ಸಾಲು ತಿದ್ದೋಕೆ ಹೋಗದೆ, ತನಗೆ ಓದುವಾಗ ಅನ್ನಿಸಿದ್ದನ್ನ ಹೇಳಿದರು. ನನ್ನ ಎರಡನೇ ಕಾಲಂಗೆ ಸೇರೋ ಮಾತು ಅದು.

ಕೊನೆಯದಾಗಿ, ಯಾವ ಕಾಲಂಗೂ ಸೇರದ ಒಂದು ಟಿಪ್ಪಣಿ. ಮಾವ 58ನೇ ಪುಟದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿದ್ದರು, "ಇದು ಬೇಡ" ಅಂತ. ರಂಗಪ್ಪ ಸಾಲಕ್ಕೆ ಅಂತ ಹೆಂಡತಿಯ ಸರ ಅಡ ಇಡೋಕೆ ಹೋಗಿ, ಅಂಗಡಿ ಮುಂದೆ ಪರಿಚಯದವರನ್ನ ಕಂಡು ವಾಪಸ್ ಬರೋ ದೃಶ್ಯ ಅದು. ಐದರಲ್ಲಿ ನಾಲ್ಕು ಜನ ಇಡೀ ಪುಸ್ತಕದಲ್ಲಿ ಚೆನ್ನಾಗಿರೋದು ಅದೇ ಅಂದಿದ್ದರು. ಮಾವ ಯಾಕೆ ಬೇಡ ಅಂದರು ಅಂತ ನಾನು ಕೇಳಲಿಲ್ಲ. ಅವರ ಮನೆಯಲ್ಲಿ ಏನು ನಡೆದಿತ್ತು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಇದು ಬರವಣಿಗೆಯ ಬಗ್ಗೆ ಬಂದ ಅಭಿಪ್ರಾಯ ಅಲ್ಲ. ಚೆನ್ನಾಗಿದೆಯೋ ಇಲ್ಲವೋ ಅನ್ನೋ ತಕ್ಕಡಿಯಲ್ಲಿ ಇದನ್ನ ತೂಗೋಕಾಗಲ್ಲ. ನಾಲ್ಕು ಜನ ಮೆಚ್ಚಿದ್ದಾರೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಆ ದೃಶ್ಯದಲ್ಲಿ ನನಗೆ ಬೇಕಿದ್ದದ್ದು ನಾಚಿಕೆ, ಸರ ಅಲ್ಲ. ಹಾಗಾಗಿ ಸರ, ಅಂಗಡಿ ಎರಡೂ ಹೋಯ್ತು. ಈಗ ತಿಪ್ಪೇಶ ಸಂತೆಯಲ್ಲಿ ಎತ್ತು ಮಾರೋಕೆ ನಿಂತಿರ್ತಾನೆ, ಊರಿನವರು ಕಂಡಾಗ ಕೊಳ್ಳೋಕೆ ಬಂದವನ ಹಾಗೆ ಬೇರೆ ಎತ್ತಿನ ಹಲ್ಲು ನೋಡ್ತಾನೆ. ತಂಗಿ ಮೊದಲಿನದೇ ಚೆನ್ನಾಗಿತ್ತು ಅಂತಾಳೆ. ಇರಬಹುದು. ಹೊಸ ಪುಟಗಳನ್ನ ಮಾವನಿಗೆ ಕಳಿಸಿದೆ. ಓದಿ, ಎತ್ತಿನ ವಯಸ್ಸಿಗೂ ಹಲ್ಲಿನ ಲೆಕ್ಕಕ್ಕೂ ತಾಳೆ ಆಗಲ್ಲ ಅಂತ ಫೋನ್ ಮಾಡಿ ಹೇಳಿದರು. ಅದನ್ನ ಇನ್ನಿಬ್ಬರ ಹತ್ತಿರ ಕೇಳಿ ನೋಡಬೇಕು.

ಅರವತ್ತೊಂದರಲ್ಲಿ 23 ಟಿಪ್ಪಣಿಗೆ ಏನಾದರೂ ಮಾಡಿದೀನಿ, ಉಳಿದದ್ದು ನೋಟ್‌ಬುಕ್ಕಲ್ಲೇ ಇದೆ. ನೀವು ಬರೆಯೋರಾದ್ರೆ ಹೇಳಿ, "ಇದು ಬೇಡ" ಅಂತ ಮನೆಯವರೇ ಬರೆದಾಗ ನೀವೇನು ಮಾಡಿದ್ರಿ?