ಗಾಳಿಯೂ ಕಾಳಿಯೂ: ನಮ್ಮ ಮೇಷ್ಟ್ರ ಹುಟ್ಟುಹಬ್ಬಕ್ಕೆ

ಪಾಲಾರ್ ದಾಟಿ, ಕಾಡಿನ ರಸ್ತೆಯಲ್ಲಿ ಗೋಪಿನಾಥಂಗೆ ಬಂದು ಬಸ್ಸಿಳಿದಿದ್ದೀರಿ. ಟೀ ಅಂಗಡಿಯಲ್ಲಿ ಕಿವಿಗೆ ಬೀಳುವುದು ತಮಿಳು. ಈಗ ಒಂದನೇ ಕ್ಲಾಸಿನೊಳಗೆ ಬಂದು ನಮ್ಮ ಪಕ್ಕದಲ್ಲೇ ನೆಲದ ಮೇಲೆ ಕುಳಿತುಕೊಳ್ಳಿ. ಇಲ್ಲಿನ ಪಾಠ ಕನ್ನಡದಲ್ಲಿ. ಬಹುಪಾಲು ಮಕ್ಕಳ ಮನೆಮಾತು ಮಾತ್ರ ಬೇರೆ.

ಮೇಷ್ಟ್ರು ಬೋರ್ಡಿನ ಮೇಲೆ ‘ಗಾಳಿ’ ಎಂದು ಬರೆಯುತ್ತಾರೆ. ಮುಂದಿನ ಸಾಲಿನ ಹುಡುಗಿ ಧೈರ್ಯವಾಗಿ ಓದುತ್ತಾಳೆ: “ಕಾಳಿ.”

“ಕಾಳಿ ಗುಡೀಲಿರ್ತಾಳೆ ಕಣಮ್ಮ. ಇದು ಬೀಸೋದು.”

ನಗು ನಿಲ್ಲಲಿ ಎಂದು ಕಾಯುತ್ತಾರೆ. ಅವಳು ಓದಿದ್ದರಲ್ಲಿ ದಡ್ಡತನವೇನೂ ಇಲ್ಲವೆಂದು ಅವರಿಗೆ ಗೊತ್ತು. ತಮಿಳು ಬರಹದಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅಚ್ಚ ತಮಿಳಿನ ಪದದ ಮೊದಲಲ್ಲಿ ಅದು ‘ಕ’ ಆಗುತ್ತದೆ, ನಡುವೆ ಒಂಟಿಯಾಗಿ ಬಂದರೆ ‘ಗ’ ಕಡೆಗೆ ವಾಲುತ್ತದೆ. ಹಾಗಾಗಿ ‘ಅಕ್ಕ’ ಬರೆಯುವಾಗ ನಮ್ಮಲ್ಲಿ ಯಾರೂ ಎಡವುತ್ತಿರಲಿಲ್ಲ. ‘ಹಾಕು’ ಬಂದಾಗ ಮಾತ್ರ ಒಬ್ಬ ‘ಹಾಗು’ ಎಂದು ಬರೆದರೆ ಇನ್ನೊಬ್ಬ ಒತ್ತು ಕೊಟ್ಟು ‘ಹಾಕ್ಕು’ ಎನ್ನುತ್ತಿದ್ದ.

ಮೇಷ್ಟ್ರು ಹುಡುಗಿಯ ಅಂಗೈಯನ್ನು ಅವಳದೇ ಗಂಟಲ ಮೇಲೆ ಇಡಿಸುತ್ತಾರೆ. ನೀವೂ ಇಟ್ಟುಕೊಳ್ಳಿ. ‘ಗ’ ಎನ್ನಲು ಹೊರಟಾಗಲೇ ಅಲ್ಲೊಂದು ನಡುಕ. ‘ಕ’ ಎಂದರೆ ಆ ನಡುಕ ತಡವಾಗಿ, ‘ಅ’ಕಾರ ಬಂದಾಗ ಮಾತ್ರ. ಒಂಟಿ ಅಕ್ಷರದಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟವಾದರೆ ‘ಹಾಗು’, ‘ಹಾಕು’ ಎಂದು ಎಳೆದು ಹೇಳಿಸುತ್ತಾರೆ: ಮೊದಲನೆಯದರಲ್ಲಿ ನಡುಕ ಹರಿಯುತ್ತಲೇ ಇರುತ್ತದೆ, ಎರಡನೆಯದರಲ್ಲಿ ನಡುವೆ ಒಮ್ಮೆ ಕಡಿಯುತ್ತದೆ. ಇಡೀ ಕ್ಲಾಸು ಕತ್ತು ಹಿಡಿದುಕೊಂಡು ಕೂಗುವುದನ್ನು ಕಿಟಕಿಯಿಂದ ಕಂಡವರು ಏನಂದುಕೊಂಡರೋ! ‘ತ–ದ’, ‘ಪ–ಬ’ಗಳಿಗೂ ಇದೇ ಉಪಾಯ.

ಮಹಾಪ್ರಾಣಕ್ಕೆ ಕೈ ಸಾಲದು. ಆಗ ನೋಟ್‌ಬುಕ್ಕಿನ ಚೂರೊಂದನ್ನು ತುಟಿಯ ಮುಂದೆ ಹಿಡಿಸುತ್ತಾರೆ. ‘ಖ’ ಎಂದರೆ ಚೂರು ಹಾರಬೇಕು, ‘ಕ’ ಎಂದರೆ ಹೆಚ್ಚು ಅಲುಗಬಾರದು. ಕಿಟಕಿಯಿಂದ ಗಾಳಿ ನುಗ್ಗಿದ ದಿನ ಎಲ್ಲರೂ ಪಾಸು. ಆದರೆ ಇದನ್ನು ಅವರು ಅತಿಯಾಗಿ ಹಿಂಡುತ್ತಿರಲಿಲ್ಲ. “ಕೊಳ್ಳೇಗಾಲದ ಸಂತೇಲಿ ಯಾರು ‘ಭೂಮಿ’ ಅಂತ ಉಸಿರು ಬಿಟ್ಟು ಹೇಳ್ತಾರೆ? ಬರೆಯುವಾಗ ಸರಿ ಬರೀರಿ, ಸಾಕು,” ಎನ್ನುತ್ತಿದ್ದರು. ಅವರ ಈ ತೀರ್ಮಾನವೇ ನನಗೆ ಅವರ ವಿದ್ವತ್ತಿಗಿಂತ ದೊಡ್ಡದು. ಕನ್ನಡ ಮನೆಮಾತಿನವರೇ ಪಾಲಿಸದ ನಿಯಮಕ್ಕೆ ತಮಿಳು ಮಕ್ಕಳನ್ನು ಹೊಡೆಯಲಿಲ್ಲ.

ದಾಖಲೆಯಲ್ಲಿ ಅವರ ಹುಟ್ಟಿದ ದಿನ ಜೂನ್ 1. ಆ ಕಾಲದ ಅನೇಕರಂತೆ, ಶಾಲೆಗೆ ಸೇರಿಸಿಕೊಂಡ ಹೆಡ್‌ಮೇಷ್ಟ್ರು ಬರೆದುಕೊಂಡ ತಾರೀಖು. ಒಂದನೇ ತಾರೀಖಿನವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರು. ಹೀಗಾಗಿ ಅರವತ್ತು ತುಂಬುವ ಹಿಂದಿನ ದಿನವೇ, ಮೇ 31ಕ್ಕೆ, ಮನೆಗೆ ಹೋದರು.

ಇವತ್ತು ಫೋನ್ ಮಾಡಿ ಶುಭಾಶಯ ಹೇಳಿದೆ.

“ಇದು ಹೆಡ್‌ಮೇಷ್ಟ್ರು ಹೆತ್ತ ದಿನ ಕಣಪ್ಪ. ನಮ್ಮವ್ವ ಹೇಳ್ತಿದ್ದದ್ದು ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆ ಹೊತ್ತು ಅಂತ.”

“ಆಗ್ಲೂ ಮಾಡ್ತೀನಿ ಬಿಡಿ ಸಾರ್.”

“ಬರೀ ಫೋನಲ್ಲಿ ಬೇಡ. ಬಾ.”