ಚಿತ್ರದಲ್ಲಿದ್ದ ಹಣ

ಕೈಯಲ್ಲಿರುವ ನೋಟನ್ನು ಎಣಿಸುವುದು ಒಂದು ಕೆಲಸ. ಚಿತ್ರದಲ್ಲಿರುವ ನೋಟನ್ನು ಎಣಿಸುವುದು ಇನ್ನೊಂದು. ಮೊದಲನೆಯದಕ್ಕೆ ಬೆರಳು ಬೇಕು, ಎರಡನೆಯದಕ್ಕೆ ಕಣ್ಣು ಬೇಕು. ಕಣ್ಣಿಗಿಂತ ಹೆಚ್ಚಾಗಿ, ಕಾಣದ್ದನ್ನು ಕಂಡೆನೆಂದು ಹೇಳದಿರುವ ಸಂಯಮ ಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಿವೃತ್ತರಾದ ರಾಯರಿಗೆ ಬೆರಳಿನ ಅಭ್ಯಾಸ ಧಾರಾಳವಾಗಿದ್ದಿತು. ಕಣ್ಣಿನ ಪರೀಕ್ಷೆಯಾದದ್ದು ಸಮೀರವಾಡಿಯಲ್ಲಿ, ಮಗನ ಮನೆಯ ಜಗುಲಿಯ ಮೇಲೆ.

ಮಹಾಲಿಂಗಪುರದ ಸಮೀಪದ ಈ ಊರಿನ ಬದುಕೆಲ್ಲವೂ ಸಕ್ಕರೆ ಕಾರ್ಖಾನೆಯ ಸುತ್ತ ತಿರುಗುವಂಥದು. ಹಂಗಾಮು ಹತ್ತಿರವಾದಂತೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಅವರು ಬರುವುದಕ್ಕೆ ತಿಂಗಳುಗಳ ಮೊದಲೇ ಟ್ರ್ಯಾಕ್ಟರಿನ ಮಾಲೀಕನು ಗ್ಯಾಂಗಿನ ಮುಕಾದಮನಿಗೆ ಮುಂಗಡ ಕೊಟ್ಟಿರಬೇಕು. ಕಡಿದ ಟನ್ನಿನ ಲೆಕ್ಕದಲ್ಲಿ ಅದು ಹಂಗಾಮಿನುದ್ದಕ್ಕೂ ವಜಾ ಆಗುತ್ತ ಹೋಗುತ್ತದೆ. ಈ ವ್ಯವಹಾರದಲ್ಲಿ ಎಷ್ಟೋ ವೇಳೆ ಕಾಗದವಿರುವುದಿಲ್ಲ; ಮಾತಿರುತ್ತದೆ, ಈಚಿನ ದಿನಗಳಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ಇರುತ್ತದೆ.

ಆ ಸಂಜೆ ರಾಯರ ಮುಂದೆ ಇಬ್ಬರು ಬಂದು ಕುಳಿತರು. ಒಬ್ಬನು ನೆರೆಯ ತರುಣ, ಟ್ರ್ಯಾಕ್ಟರಿನ ಮಾಲೀಕ. ಇನ್ನೊಬ್ಬನು ವಿಜಯಪುರದ ಕಡೆಯ ತಾಂಡಾದ ಮುದಿ ಮುಕಾದಮ. ತರುಣನ ತಂದೆ ಬೇಸಗೆಯಲ್ಲಿ ಮುಂಗಡ ಕೊಟ್ಟು, ಶ್ರಾವಣದಲ್ಲಿ ತೀರಿಕೊಂಡಿದ್ದರು. ಅವರ ಮೊಬೈಲಿನಲ್ಲಿ ಮೇಜಿನ ಮೇಲೆ ಜೋಡಿಸಿದ ನೋಟಿನ ರಾಶಿಯ ಚಿತ್ರವೊಂದು ಉಳಿದಿದ್ದಿತು. ಮಗನು ಅದನ್ನು ನೋಡಿ ಲೆಕ್ಕ ಹಾಕಿ, ಡೈರಿಯಲ್ಲಿ 6,46,000 ರೂಪಾಯಿ ಎಂದು ಬರೆದಿಟ್ಟಿದ್ದನು.

"ನಾ ಇಸಗೊಂಡಿದ್ದು ನಾಕ ಲಕ್ಷ ಎಪ್ಪತ್ತ ಸಾವಿರ ಅಷ್ಟ ರೀ ರಾಯರ," ಎಂದನು ಮುಕಾದಮ. "ದೊಡ್ಡ ಧಣೇರು ಇದ್ದಿದ್ರ ಈ ಮಾತ ಬರತಿರಲಿಲ್ಲ."

"ಮಾತ ಬ್ಯಾಡ ಕಾಕಾ, ಫೋಟೋ ಐತಲ್ಲ," ಎಂದನು ತರುಣ.

ಒಂದು ಮುಕ್ಕಾಲು ಲಕ್ಷದಷ್ಟು ಅಂತರ. ತರುಣನ ಲೆಕ್ಕವೇ ನಿಂತರೆ ಗ್ಯಾಂಗಿನವರು ಪಡೆಯದ ಹಣಕ್ಕಾಗಿ ವಾರಗಟ್ಟಲೆ ಕಬ್ಬು ಕಡಿಯಬೇಕು. ಮುಕಾದಮನು ಎದ್ದು ಹೋದರೆ ಹಂಗಾಮಿನ ಬಾಗಿಲಿನಲ್ಲಿ ಟ್ರ್ಯಾಕ್ಟರು ಖಾಲಿ ನಿಲ್ಲಬೇಕು. ಇದಕ್ಕಿಂತಲೂ ದೊಡ್ಡದೆಂದರೆ, ಇಬ್ಬರಲ್ಲಿ ಒಬ್ಬನು ಸುಳ್ಳುಗಾರನೆನಿಸಿಕೊಳ್ಳಬೇಕು.

ರಾಯರು ಕನ್ನಡಕ ಒರೆಸಿಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿದರು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಮೂರು ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು: ನೋಟು, ಪ್ಯಾಕೆಟ್ಟು, ಮೊತ್ತ; ನಾಲ್ಕನೆಯದರ ತಲೆಯ ಮೇಲೆ ‘ಕಂಡದ್ದೋ, ಊಹಿಸಿದ್ದೋ’ ಎಂದು ಬರೆದರು.

ಮೊದಲು ಶಬ್ದದ ಇತ್ಯರ್ಥವಾಗಬೇಕಾಗಿದ್ದಿತು. ಜನರು ಬಾಯಿಮಾತಿನಲ್ಲಿ ಯಾವ ಕಟ್ಟನ್ನಾದರೂ ಬಂಡಲ್ ಎನ್ನುತ್ತಾರೆ. ಬ್ಯಾಂಕಿನವರ ಭಾಷೆಯಲ್ಲಿ 100 ನೋಟುಗಳದು ಪ್ಯಾಕೆಟ್ಟು; ಅಂಥ 10 ಪ್ಯಾಕೆಟ್ಟುಗಳು, ಎಂದರೆ 1,000 ನೋಟುಗಳು, ಸೇರಿದರೆ ಬಂಡಲು. ಈ ಎರಡನ್ನು ಅದಲುಬದಲು ಮಾಡಿದರೆ ಲೆಕ್ಕವು ಹತ್ತು ಪಟ್ಟು ತಪ್ಪುತ್ತದೆ. ಮೇಜಿನ ಮೇಲಿದ್ದವೆಲ್ಲ ಪ್ಯಾಕೆಟ್ಟುಗಳು. ಪ್ಯಾಕೆಟ್ಟಿನ ಬೆಲೆಯನ್ನು ಕಾಣಲು ನೋಟಿನ ಬೆಲೆಯ ಮುಂದೆ ಎರಡು ಸೊನ್ನೆ ಇಟ್ಟರಾಯಿತು. ಐನೂರರ ಪ್ಯಾಕೆಟ್ಟು 50,000, ಇನ್ನೂರರದು 20,000, ನೂರರದು 10,000.

ಅನಂತರ ಅವರು ಕಂಡದ್ದನ್ನು ಮಾತ್ರ ಬರೆಯುತ್ತ ಹೋದರು. ಚಿತ್ರದಲ್ಲಿ ಎರಡು ಕಂಬಗಳಿದ್ದವು, ಒಂದು ಮುಂದೆ, ಒಂದು ಅದರ ಹಿಂದೆ. ಮುಂದಿನ ಕಂಬದ ಅಂಚಿನಲ್ಲಿ ಬಿಳಿಯ ಕಾಗದದ ಪಟ್ಟಿಗಳು ಆರು ಕಂಡವು. ಆರೂ ಬೂದು ಬಣ್ಣದ ಐನೂರರ ಪ್ಯಾಕೆಟ್ಟುಗಳು. ಅದು 3,00,000. ಕಂಬದ ಬದಿಗೆ ಹಳದಿಯ ಇನ್ನೂರರ ಎರಡು ಪ್ಯಾಕೆಟ್ಟುಗಳು, ರಬ್ಬರ್ ಬ್ಯಾಂಡ್ ಹಾಕಿದವು, ಅದು 40,000. ರಬ್ಬರ್ ಬ್ಯಾಂಡಿನ ಕಟ್ಟನ್ನು ಕಂಡರೆ ರಾಯರಿಗೆ ಸಂಶಯ ಹೆಚ್ಚು. ಐವತ್ತೇ ನೋಟನ್ನು ನಡುವೆ ಮಡಚಿ ಬ್ಯಾಂಡ್ ಹಾಕಿದರೆ ದಪ್ಪದಲ್ಲಿ ಅದು ನೂರರಂತೆಯೇ ಕಾಣುತ್ತದೆ. ಆದರೆ ಮಡಚಿದ ಕಟ್ಟಿನ ಉದ್ದ ಅರ್ಧವಾಗುತ್ತದೆ, ಒಂದು ಕೊನೆಯಲ್ಲಿ ಅಂಚುಗಳ ಬದಲು ದುಂಡಗಿನ ಮಡಿಕೆ ಕಾಣುತ್ತದೆ. ಇಲ್ಲಿ ನೋಟುಗಳು ಪೂರ್ತಿ ಉದ್ದಕ್ಕೆ ಚಾಚಿದ್ದವು. ಅವುಗಳನ್ನು ಕೊಡುವಾಗ ತನ್ನ ಮುಂದೆಯೇ ಎಣಿಸಿದ್ದುಂಟೆಂದು ಮುಕಾದಮನೂ ಒಪ್ಪಿದನು.

ಮೇಜಿನ ಅಂಚಿನಲ್ಲಿ ಬಿಡಿ ಐನೂರುಗಳು ಬೀಸಣಿಗೆಯಂತೆ ಹರಡಿದ್ದವು. ಅವುಗಳನ್ನು ಎಣಿಸಲು ರಾಯರು ನೋಟಿನ ನಡುವೆ ನೋಡದೆ ಮೂಲೆಗಳನ್ನಷ್ಟೇ ಹಿಡಿದು ನಡೆದರು. ಒಂದರ ಮೇಲೊಂದು ಬಿದ್ದ ನೋಟಿನಲ್ಲಿ ಮೈ ಮುಚ್ಚಿದರೂ ಮೂಲೆ ಹಣಕುತ್ತದೆ. ಹನ್ನೆರಡು ಮೂಲೆಗಳು, 6,000 ರೂಪಾಯಿ.

ಇನ್ನುಳಿದದ್ದು ಹಿಂದಿನ ಕಂಬ. ಅದರ ತುದಿಯ ಪ್ಯಾಕೆಟ್ಟೊಂದು ಮಾತ್ರ ಕಾಣುತ್ತಿದ್ದಿತು, ಐನೂರರದು.

"ಎರಡೂ ಕಂಬ ಸರೀ ಎತ್ತರ ಅದಾವ್ರಿ," ಎಂದನು ತರುಣ. "ಅಲ್ಲಿ ಆರು, ಇಲ್ಲಿ ಆರು."

"ಎತ್ತರ ಕಾಣತದ ತಮ್ಮಾ, ಒಳಗಿಂದು ಕಾಣೂದಿಲ್ಲ," ಎಂದರು ರಾಯರು.

ಅವರು ಎರಡು ಮೊತ್ತಗಳನ್ನು ಬರೆದರು. ಕಂಡದ್ದನ್ನಷ್ಟೇ ಕೂಡಿಸಿದರೆ, ಹಿಂದಿನ ಕಂಬಕ್ಕೆ ಒಂದೇ ಪ್ಯಾಕೆಟ್ಟು ಹಿಡಿದು, 3,96,000. ಆ ಕಂಬವೆಲ್ಲವೂ ಐನೂರೇ ಎಂದು ಊಹಿಸಿದರೆ ಇನ್ನೈದು ಪ್ಯಾಕೆಟ್ಟು ಸೇರಿ 6,46,000. ಅದು ತರುಣನ ಡೈರಿಯ ಅಂಕಿ. ಮುಕಾದಮನ ಅಂಕಿಯು ಇವೆರಡರ ನಡುವೆ ಇದ್ದಿತು. ಆದುದರಿಂದ ಚಿತ್ರವು ಅವನನ್ನು ಸುಳ್ಳುಗಾರನೆಂದು ಹೇಳಿರಲಿಲ್ಲ. ಹಾಗೆ ಹೇಳಿದ್ದು ಊಹೆ.

ರಾಯರು ಮತ್ತೆ ಚಿತ್ರದ ಮೇಲೆ ಬಾಗಿದರು. ಹಿಂದಿನ ಕಂಬದ ಬುಡದಲ್ಲಿ, ಮುಂದಿನ ಕಂಬದ ಮರೆಯಿಂದಾಚೆಗೆ, ಸಣ್ಣದೊಂದು ಅಂಚು ಚಾಚಿಕೊಂಡಿದ್ದಿತು. ಹೊಸ ಐನೂರರ ನೋಟು 150 ಮಿಲಿಮೀಟರ್ ಉದ್ದ, 66 ಅಗಲ. ಹೊಸ ಇನ್ನೂರರದು 146, ಹೊಸ ನೂರರದು 142. ಅಗಲ ಮಾತ್ರ ಮೂರಕ್ಕೂ ಒಂದೇ. ಎಂದ ಮೇಲೆ ಹೊಸ ಸರಣಿಯಲ್ಲಿ ಸಣ್ಣ ಬೆಲೆಯ ನೋಟು ಐನೂರರ ಕೆಳಗಿನಿಂದ ಹೊರಗೆ ಚಾಚುವಂತಿಲ್ಲ. ಆದರೆ 2018ರಲ್ಲಿ ನೇರಿಳೆ ಬಣ್ಣದ ಹೊಸ ನೂರು ಬರುವುದಕ್ಕೆ ಮುಂಚಿನ ನೀಲಿ ಹಸುರಿನ ನೂರು ಈಗಲೂ ಚಲಾವಣೆಯಲ್ಲಿದೆ. ಅದರ ಅಳತೆ 157 ಮತ್ತು 73. ಬೆಲೆಯಲ್ಲಿ ಕಿರಿದು, ಮೈಯಲ್ಲಿ ಹಿರಿದು. ಐನೂರರ ಕೆಳಗೆ ಇಟ್ಟರೆ ಅದು ತನ್ನನ್ನು ಬಚ್ಚಿಟ್ಟುಕೊಳ್ಳಲಾರದು.

ಇಷ್ಟು ಕಂಡರೂ ರಾಯರು ಬಾಯಿಬಿಡಲಿಲ್ಲ. ಒಂದು ಅಂಚಿನ ಮೇಲೆ ತೀರ್ಪು ಕೊಡುವವರು ಅವರಲ್ಲ. "ನಿಮ್ಮಪ್ಪನ ಪಾಸ್‌ಬುಕ್ ತಗೊಂಡ ಬಾ," ಎಂದರು.

ಪಾಸ್‌ಬುಕ್ಕಿನಲ್ಲಿ ಆ ದಿನದ ತಾರೀಖಿಗೆ 4,00,000 ರೂಪಾಯಿ ತೆಗೆದುದು ನಮೂದಾಗಿದ್ದಿತು. ಉಳಿದುದು ಮನೆಯ ತಿಜೋರಿಯ ಹಣ. ಬ್ಯಾಂಕುಗಳು ನೋಟಿಗೆ ಪಿನ್ನು ಹೊಡೆಯುವುದನ್ನು ಬಿಟ್ಟು ಕಾಗದದ ಪಟ್ಟಿ ಸುತ್ತಬೇಕೆಂದು ರಿಸರ್ವ್ ಬ್ಯಾಂಕು 2001ರಲ್ಲಿಯೇ ಕಟ್ಟಪ್ಪಣೆ ಮಾಡಿದೆ. ಮನೆಯಲ್ಲಿ ಕಟ್ಟುವವರು ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಬಿಳಿಯ ಪಟ್ಟಿಯವೆಲ್ಲ ಬ್ಯಾಂಕಿನಿಂದ ಬಂದವು ಎಂದಾದರೆ, ನಾಲ್ಕು ಲಕ್ಷಕ್ಕೆ ಐನೂರರ ಎಂಟು ಪ್ಯಾಕೆಟ್ಟುಗಳು. ಮುಂದೆ ಆರು ಕಂಡಿವೆ. ಹಿಂದೆ ಎರಡೇ ಇರಬೇಕು.

"ಹಿಂದಿನ ಕಂಬದಾಗ ಮ್ಯಾಲೆ ಎರಡ ಐನೂರಿನವು, ಕೆಳಗ ಹಳೇ ನೂರಿನವು ಇರಬೇಕು. ಎಷ್ಟಂತ ಈ ಫೋಟೋ ಹೇಳೂದಿಲ್ಲ," ಎಂದರು ರಾಯರು. "ಮುಕಾದಮ, ಆವತ್ತು ನಿಮ್ಮ ಕಡೇವ್ರು ಯಾರರೆ ಫೋಟೋ ತಗದಾರೇನು?"

ಮುದುಕನು ಯೋಚಿಸಿದನು. ಜೊತೆಗೆ ಬಂದಿದ್ದ ಅಳಿಯ ಮೊಬೈಲು ಹಿಡಿದಿದ್ದುಂಟು. ತಾಂಡಾಕ್ಕೆ ಫೋನು ಹೋಯಿತು. ಗಳಿಗೆಯೊಳಗೆ ಚಿತ್ರ ಬಂದಿತು. ಅದನ್ನು ಮೇಜಿನ ಆಚೆ ಬದಿಯಿಂದ ತೆಗೆಯಲಾಗಿದ್ದಿತು. ಹಿಂದಿನ ಕಂಬವು ಅಲ್ಲಿ ಮುಂದೆ ನಿಂತಿದ್ದಿತು.

ತುದಿಯಲ್ಲಿ ಬಿಳಿಯ ಪಟ್ಟಿಯ ಎರಡು ಪ್ಯಾಕೆಟ್ಟುಗಳು. ಅವುಗಳ ಕೆಳಗೆ ರಬ್ಬರ್ ಬ್ಯಾಂಡಿನ ಮೂರು ಪ್ಯಾಕೆಟ್ಟುಗಳು, ನೀಲಿ ಹಸುರಿನ ಹಳೆಯ ನೂರಿನವು, ಮೇಲಿನವಕ್ಕಿಂತ ಒಂದು ಬೆರಳಿನ ಅಂಚಿನಷ್ಟು ಹೊರಗೆ ಚಾಚಿದವು. ಒಟ್ಟು ಐದೇ, ಆರಲ್ಲ. ಎತ್ತರವು ಸಮನಾಗಿ ಕಂಡದ್ದೇಕೆಂದರೆ, ಕೈಯಿಂದ ಕೈಗೆ ಓಡಾಡಿದ ನೋಟಿನಲ್ಲಿ ಸುಕ್ಕು, ಮಡಿಕೆ ತುಂಬಿ ಅದರ ಪ್ಯಾಕೆಟ್ಟು ಉಬ್ಬುತ್ತದೆ. ಇಲ್ಲಿ ಮೂರು ಹಳೆಯ ಪ್ಯಾಕೆಟ್ಟುಗಳು ನಾಲ್ಕು ಹೊಸವುಗಳಷ್ಟು ಎತ್ತರಕ್ಕೆ ನಿಂತಿದ್ದವು. ನೋಟಿನ ರಾಶಿಯನ್ನು ಅಡಿಕೋಲಿನಿಂದ ಎಣಿಸಬಾರದೆಂದು ರಾಯರು ಸೇವೆಯಲ್ಲಿದ್ದಾಗ ಹೊಸ ಗುಮಾಸ್ತರಿಗೆ ಹೇಳುತ್ತಿದ್ದುದು ಇದಕ್ಕಾಗಿಯೇ.

ನಾಲ್ಕನೆಯ ಅಂಕಣದಲ್ಲಿ ಈಗ ‘ಊಹಿಸಿದ್ದು’ ಎಂಬುದನ್ನು ಹೊಡೆದುಹಾಕಿ ಕೂಡಿಸಿದರು. ಐನೂರರ 8 ಪ್ಯಾಕೆಟ್ಟು, 4,00,000. ಇನ್ನೂರರ 2, 40,000. ನೂರರ 3, 30,000. ಬಿಡಿ ನೋಟು, 6,000. ಒಟ್ಟು 4,76,000 ರೂಪಾಯಿ. ತರುಣನ ತಪ್ಪು 1,70,000: ಇಲ್ಲದ ಐನೂರರ ನಾಲ್ಕು ಪ್ಯಾಕೆಟ್ಟುಗಳನ್ನು ಸೇರಿಸಿದ್ದು 2,00,000, ಇದ್ದ ನೂರರ ಮೂರನ್ನು ಬಿಟ್ಟಿದ್ದು 30,000. ತಪ್ಪಿನ ಲೆಕ್ಕವೂ ಕೂಡಿ ಬಂದ ಮೇಲೆಯೇ ರಾಯರು ಪೆನ್ಸಿಲು ಕೆಳಗಿಟ್ಟರು.

"ಆರ ಸಾವಿರ ಹೆಚ್ಚಾತಲ್ರಿ ಕಾಕಾಂದು," ಎಂದನು ತರುಣ, ಮೆಲ್ಲನೆ.

"ಅದು ಹೌದ್ರಿ," ಎಂದನು ಮುಕಾದಮ. "ಅದನ್ನ ಮುಂಗಡದಾಗ ಹಿಡಿಬ್ಯಾಡ, ಹುಡುಗರಿಗೆ ಅರಿವಿ ತರೂದಕ್ಕ ಇರಲಿ ಅಂತ ಧಣೇರು ಬ್ಯಾರೆ ಕೊಟ್ಟಿದ್ರು. ಅದಕ್ಕ ನಾ ಲೆಕ್ಕಕ್ಕ ಹಿಡೀಲಿಲ್ಲ."

ತರುಣನು ರಾಯರ ಮುಖ ನೋಡಿದನು. ರಾಯರು ತಲೆಯಾಡಿಸಿದರು. ಆ ನೋಟುಗಳು ಎಷ್ಟೆಂದು ಚಿತ್ರವು ಹೇಳಬಲ್ಲದು. ಏತಕ್ಕೆಂದು ಅದಕ್ಕೆ ಗೊತ್ತಿಲ್ಲ. ಅವು ಕಟ್ಟುಗಳಿಂದ ದೂರ, ಮೇಜಿನ ಇನ್ನೊಂದು ಅಂಚಿನಲ್ಲಿ ಬೇರೆಯಾಗಿ ಬಿದ್ದಿದ್ದವೆಂಬುದನ್ನಷ್ಟು ಅದು ತೋರಿಸುತ್ತಿದ್ದಿತು.

ಎರಡನೆಯ ಚಿತ್ರದಲ್ಲಿ ರಾಶಿಯ ಹಿಂದೆ ಮುದುಕರೊಬ್ಬರ ಕೈ ಬಂದಿದ್ದಿತು, ತುದಿಯ ಪ್ಯಾಕೆಟ್ಟನ್ನು ನೆಟ್ಟಗೆ ಮಾಡುತ್ತಿದ್ದ ಕೈ. ತರುಣನು ಅದನ್ನು ಬಹಳ ಹೊತ್ತು ನೋಡುತ್ತ ಕುಳಿತನು. ಆಮೇಲೆ ಡೈರಿ ತೆಗೆದು, ತಾನು ಬರೆದಿದ್ದ ಅಂಕಿಯ ಮೇಲೆ ಗೆರೆ ಎಳೆದು, 4,70,000 ಎಂದು ಬರೆದನು. ಆರು ಸಾವಿರವನ್ನು ಬರೆಯಲಿಲ್ಲ.

"ಕಾಕಾ, ಗ್ಯಾಂಗ ಯಾವಾಗ ತರತೀರಿ?" ಎಂದು ಕೇಳಿದನು.

"ಮುಂದಿನ ಕೊಡೂ ರೊಕ್ಕ ಬ್ಯಾಂಕಿನ ಕೈಲೆ ಕೊಡು ತಮ್ಮಾ," ಎಂದರು ರಾಯರು, ಕನ್ನಡಕವನ್ನು ಮಡಚುತ್ತ. "ಅದಕ್ಕ ಹಿಂದಿನ ಕಂಬ ಇರೂದಿಲ್ಲ."