ಬ್ಯಾಡ ಅನ್ನೋದಕ್ಕೂ ಒಂದು ವಿಳಾಸ

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ವ್ಯವಹಾರ ಮುರಿಯುವುದು ಬಾಯಿಮಾತಿನ ಕೆಲಸ. ಅಥಣಿಯ ಓಣಿಯಲ್ಲಿ ಹಾಲಿನವನಿಗೆ ಹೊಸ್ತಿಲಲ್ಲೇ ನಿಂತು, "ನಾಳಿಂದ ಬ್ಯಾಡೋ ತಮ್ಮಾ" ಅಂದರೆ ಮುಗಿಯಿತು. ರಾಯಬಾಗದ ಕಡೆ ಕಬ್ಬು ಕಡಿಯುವ ಟೋಳಿಯವರಿಗೆ ಅಷ್ಟೂ ಬೇಕಿಲ್ಲ. ಮುಕಾದಮ ಮುಂಗಡ ತಗೊಂಡಿರುತ್ತಾನೆ, ಒಂದು ಮುಂಜಾನೆ ಎದ್ದು ನೋಡಿದರೆ ಹೊಲದ ಬದುವಿನಲ್ಲಿ ಗುಡಿಸಲುಗಳೇ ಇರುವುದಿಲ್ಲ! ಅದೂ ಒಂದು ನಮೂನೆಯ ನೋಟಿಸೇ ಅನ್ನಿ.

ಆದರೆ ಛಾಪಾ ಕಾಗದದ ಮೇಲೆ ಸಹಿ ಮಾಡಿದ ಕರಾರಿಗೆ ಈ ನಾಜೂಕು ತಿಳಿಯುವುದಿಲ್ಲ. ನಿಪ್ಪಾಣಿ ಕಡೆಯ ಒಂದು ಪತ್ತಿನ ಸಂಘದ ಸೆಕ್ರೆಟರಿಯವರ ಕಥೆ ಕೇಳಿ. ಸಂಘದ ಸಿಸಿಟಿವಿ, ಇನ್ವರ್ಟರ್ ನೋಡಿಕೊಳ್ಳಲು ಪುಣೆಯ ಒಂದು ಕಂಪನಿಯ ಜೊತೆ ವರ್ಷದ ಕರಾರು, ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಕ್ಯಾಮೆರಾ ವಾರಗಟ್ಟಲೆ ಕುರುಡಾಗಿರುತ್ತಿತ್ತು. ಬೇಸತ್ತ ಇವರು ರಿಪೇರಿಗೆ ಬಂದ ಹುಡುಗನಿಗೆ ಚಹಾ ಕುಡಿಸಿ, "ಇದ ಕಡೀ ವರ್ಷ ನೋಡಪಾ, ಮುಂದ ಬ್ಯಾಡ" ಅಂದರು. "ಆತ ಬಿಡ್ರಿ ಸಾಹೇಬ್ರ" ಅಂತ ಅವನೂ ಕಪ್ಪು ಕೆಳಗಿಟ್ಟ. ಏಪ್ರಿಲ್‌ನಲ್ಲಿ ಮುಂದಿನ ವರ್ಷದ ಬಿಲ್ಲು ಬಂತು!

ತಪ್ಪು ಯಾರದು? ಹುಡುಗನದಂತೂ ಅಲ್ಲ, ಕಂಪನಿಯ ಪರವಾಗಿ ನೋಟಿಸು ತಗೊಳ್ಳುವ ಅಧಿಕಾರ ಅವನಿಗೆಲ್ಲಿತ್ತು? ಕರಾರಿನ ಹದಿನಾಲ್ಕನೆಯ ಕಲಮು, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ, ಹೇಳುತ್ತಿತ್ತು: ಅವಧಿ ಮುಗಿಯುವುದಕ್ಕೆ ಕನಿಷ್ಠ ಪೂರ್ಣ 30 ದಿನ ಮೊದಲು, ಲಿಖಿತ ನೋಟಿಸು, ನೋಂದಾಯಿತ ಅಂಚೆಯಲ್ಲಿ, ಪುಣೆಯ ನೋಂದಾಯಿತ ಕಚೇರಿಗೆ ತಲುಪದಿದ್ದರೆ ಕರಾರು ತಾನಾಗಿ ಇನ್ನೊಂದು ವರ್ಷ ಮುಂದುವರಿಯುವುದು. ನಾವು ಸಹಿ ಮಾಡುವಾಗ ಓದುವುದು ದರದ ಸಾಲನ್ನು ಮಾತ್ರ, ಅಲ್ಲವೇ?

ಆ ಬಿಲ್ಲನ್ನು ಹೇಗೋ ಮಾತಾಡಿ ಅರ್ಧಕ್ಕೆ ಇಳಿಸಿದರು. ಮರುವರ್ಷ ಮಾತ್ರ ಸೆಕ್ರೆಟರಿಯವರು ಪಂಚಾಂಗ ಹಿಡಿದು ಕೂತರು. ಹಿಂದೆಲ್ಲ ವರ್ಷದ ಆಳಿನ ಲೆಕ್ಕ ಯುಗಾದಿಗೆ ಮುಗಿಯುತ್ತಿತ್ತು, ಯಾರೂ ದಿನ ಎಣಿಸುತ್ತಿರಲಿಲ್ಲ. ಇಲ್ಲಿ ಎಣಿಸಲೇಬೇಕು. ಪೂರ್ಣ ದಿನ ಎಂದರೆ ನೋಟಿಸು ಮುಟ್ಟಿದ ದಿನವನ್ನೂ ಕರಾರು ಮುಗಿಯುವ ದಿನವನ್ನೂ ಬಿಟ್ಟು ನಡುವಿನವು. ಮಾರ್ಚ್ 1ರಿಂದ 30ರವರೆಗೆ ಮೂವತ್ತು ದಿನ. ಹಾಗಾದರೆ ಫೆಬ್ರವರಿ ಮುಗಿಯುವುದರೊಳಗೆ ಲಕೋಟೆ ಅವರ ಕೈ ಸೇರಿರಬೇಕು. ಹಾಕಿದ ದಿನವಲ್ಲ, ಮುಟ್ಟಿದ ದಿನ. ಜನವರಿ ಕೊನೆಗೇ ಹಾಕಿಬಿಟ್ಟರು. ಮೊದಲ ಲಕೋಟೆ ಎಡವಟ್ಟಾದರೆ ಇನ್ನೊಂದಕ್ಕೆ ಜಾಗ ಬೇಕಲ್ಲ!

ಅಂಚೆ ಕಚೇರಿಯಲ್ಲಿ ಇನ್ನೊಂದು ಗೊಂದಲ. ನೋಂದಾಯಿತ ಅಂಚೆ ಅನ್ನುವುದನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿಬಿಟ್ಟಿದ್ದಾರೆ. ಕರಾರಿನಲ್ಲಿ ಮಾತ್ರ ಹಳೆಯ ಹೆಸರೇ ಕೂತಿದೆ. ಇವರು ನೋಂದಣಿ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದೇ ಪತ್ರವನ್ನು ಕರಾರಿನಲ್ಲಿದ್ದ ಇಮೇಲಿಗೂ ಹಾಕಿದರು. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತುಂಬಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದು ಸಾಮಾನ್ಯವಾಗಿ ಮುಟ್ಟುವ ಹೊತ್ತಿಗೆ ಮುಟ್ಟಿತೆಂದೇ ಭಾವಿಸುವುದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೆಯ ಕಲಮು. ಆದರೆ ಅದು ಊಹೆ ಮಾತ್ರ. ಎದುರಿನವರು ಮುಟ್ಟಿಲ್ಲವೆಂದು ಪುರಾವೆ ತಂದರೆ ಬೀಳುತ್ತದೆ. ಅದಕ್ಕೇ ರಸೀದಿ, ಬಟವಾಡೆಯ ದಾಖಲೆ ಎರಡನ್ನೂ ಪತ್ರದ ನಕಲಿಗೆ ಚುಚ್ಚಿಟ್ಟರು.

ಪತ್ರವಾದರೂ ಎಂಥದು? ಕಾಗವಾಡದ ಅವರ ಅಳಿಯ, ವಕೀಲಿ ಓದುತ್ತಿರುವವ, ಮಾವನ ಎರಡು ಪುಟದ ಸಿಟ್ಟನ್ನು ನಾಲ್ಕು ಸಾಲಿಗೆ ಇಳಿಸಿದ. ಕರಾರಿನ ತಾರೀಖು, ಇಂಥ ಕಲಮಿನಂತೆ ನವೀಕರಣ ಬೇಡ, ಕೊನೆಯ ದಿನ ಮಾರ್ಚ್ 31, ನಿಮ್ಮ ಸಾಮಾನು ಇಂಥ ದಿನ ಒಯ್ಯಿರಿ. "ಕ್ಯಾಮೆರಾ ಕುರುಡಾಗಿದ್ದು ಬರೀಲೇನು?" ಅಂತ ಮಾವ. "ಬ್ಯಾಡ್ರಿ ಮಾವಾರ," ಅಂದ ಅಳಿಯ, "ಅದನ್ನ ಕಾರಣ ಮಾಡಿದ್ರ ಅದು ಬ್ಯಾರೇ ಕಲಮು. ದೋಷ ತಿದ್ದಾಕ ಅವರಿಗೆ ಹದಿನೈದ ದಿನ ಕೊಡಬೇಕು, ಆಮ್ಯಾಲ ಸಾಬೀತನೂ ಮಾಡಬೇಕು. ಕಾರಣ ಕೇಳದ ದಾರಿ ಇದ್ದಾಗ ಜಗಳದ ದಾರಿ ಯಾಕ?" ಮಾವನಿಗೆ ಸಮಾಧಾನವಾಗಲಿಲ್ಲ. ಬೈಯದೆ ಬಿಡುವುದು ನಮ್ಮ ಕಡೆ ಬಿಟ್ಟಂತೆಯೇ ಅಲ್ಲ!

ಮಾರ್ಚ್ ಮುಗಿಯಿತು, ಬಿಲ್ಲು ಬರಲಿಲ್ಲ. ರಿಪೇರಿ ಹುಡುಗ ಸಾಮಾನು ಒಯ್ಯಲು ಬಂದು ಚಹಾ ಕುಡಿದು ಹೋದ. ನೀವೂ ಹೀಗೆ ಯಾರನ್ನಾದರೂ ಬಿಡಿಸುವುದಿದ್ದರೆ, ಲಕೋಟೆ "ಸ್ವೀಕರಿಸಲು ನಿರಾಕರಿಸಿದ್ದಾರೆ" ಎಂಬ ಷರಾದೊಂದಿಗೆ ಮರಳಿ ಬಂದರೆ ಒಡೆಯದೆ ಹಾಗೇ ಇಡಿ. ಮತ್ತೆ, ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆ ಕೊಟ್ಟಿದ್ದರೆ ಅದನ್ನೂ ಬೇರೆಯಾಗಿ ರದ್ದು ಮಾಡಿಸಿ. ಪುಣೆಗೆ ಹೋದ ನೋಟಿಸು ನಿಮ್ಮ ಬ್ಯಾಂಕಿಗೆ ಗೊತ್ತಿರುವುದಿಲ್ಲ.